ಕಚೇರಿಯಲ್ಲಿ ಸರಿ, ಮೊಬೈಲಿನಲ್ಲಿ ಎಚ್ಚರಿಕೆ

*ಸಂಪಾದಕರೇ, ನಮ್ಮ ಗ್ರಂಥಾಲಯ ಟ್ರಸ್ಟಿನ ಜಾಲತಾಣವನ್ನು ಕಳೆದ ವಾರ ಹೊಸ ಹೋಸ್ಟಿಂಗ್ ಸಂಸ್ಥೆಗೆ ಸ್ಥಳಾಂತರಿಸಿದೆವು. ಅವರು ಹಳೆಯ ಎಸ್‌ಎಸ್‌ಎಲ್ ಸರ್ಟಿಫಿಕೇಟನ್ನೇ ತಂದು ಅಳವಡಿಸಿದ್ದಾರೆ. ಅದರ ಅವಧಿ ಇನ್ನೂ ಒಂದು ತಿಂಗಳಿದೆ. ಕಚೇರಿಯ ಕಂಪ್ಯೂಟರಿನಲ್ಲಿ ತಾಣ ಸರಿಯಾಗಿ ತೆರೆದುಕೊಳ್ಳುತ್ತದೆ. ಮೊಬೈಲ್ ಡೇಟಾದಲ್ಲಿ ನೋಡುವ ಸದಸ್ಯರಿಗೆ ಮಾತ್ರ NET::ERR_CERT_COMMON_NAME_INVALID ಎಂಬ ಎಚ್ಚರಿಕೆ ಬರುತ್ತಿದೆ. ಡಿಎನ್‌ಎಸ್ ಬದಲಾವಣೆ ಹರಡಲು ಸಮಯ ಬೇಕು, ಕಾಯಿರಿ ಎಂದು ಹೊಸ ಸಂಸ್ಥೆಯವರು ಹೇಳುತ್ತಾರೆ. ಎಷ್ಟು ದಿನ ಕಾಯಬೇಕು?*
*— ಓದುಗರೊಬ್ಬರು, ಸಾಗರ*

ಮಾನ್ಯರೇ,

ಇನ್ನು ಕಾಯಬೇಡಿ. ತಾಣದ ಹೆಸರನ್ನು ಸರ್ವರಿನ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್‌ನಲ್ಲಿ ಹಳೆಯ ವಿಳಾಸವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕೆಂಬುದನ್ನು ಟಿಟಿಎಲ್ ಎಂಬ ಸಂಖ್ಯೆ ಹೇಳುತ್ತದೆ. ಅದು 14400 ಸೆಕೆಂಡು ಎಂದಿದ್ದರೆ ನಾಲ್ಕು ಗಂಟೆ. ಒಂದು ವಾರ ಕಳೆದ ಮೇಲೂ, ಅದೂ ಮೊಬೈಲ್ ಜಾಲದಲ್ಲಿ ಮಾತ್ರ ಉಳಿದಿರುವ ತೊಂದರೆಗೆ ಕಾರಣ ಬೇರೆಯೇ ಇರಬೇಕು.

ಎಚ್ಚರಿಕೆಯ ಸಂಕೇತವನ್ನೇ ಮೊದಲು ಓದೋಣ. ಅವಧಿ ಮುಗಿದಿದ್ದರೆ ಅದು DATE_INVALID ಎಂದಿರುತ್ತಿತ್ತು. ನಿಮಗೆ ಬಂದಿರುವುದು ಹೆಸರು ಹೊಂದುತ್ತಿಲ್ಲ ಎಂಬ ದೂರು. ಎಂದರೆ ಬೇರೆ ಯಾರದೋ ಹೆಸರಿನ ಸರ್ಟಿಫಿಕೇಟ್ ಸದಸ್ಯರಿಗೆ ಸಿಗುತ್ತಿದೆ. ಅದು ಯಾರದು ಎಂದು ತಿಳಿಯುವುದು ಸುಲಭ: ಕ್ರೋಮ್‌ನಲ್ಲಿ ಆ ಸಂಕೇತದ ಮೇಲೆಯೇ ಒತ್ತಿದರೆ Subject ಎಂಬ ಸಾಲು ತೆರೆದುಕೊಳ್ಳುತ್ತದೆ. ಅಲ್ಲಿ ಹಳೆಯ ಹೋಸ್ಟಿಂಗ್ ಸಂಸ್ಥೆಯ ಸರ್ವರಿನ ಹೆಸರು ಕಂಡರೆ, ಸದಸ್ಯರು ಈಗಲೂ ಹಳೆಯ ಸರ್ವರನ್ನೇ ತಲುಪುತ್ತಿದ್ದಾರೆ ಎಂದು ಗೊತ್ತಾಯಿತು. ಖಾತೆ ಮುಚ್ಚಿದ ಮೇಲೆ ಆ ಸರ್ವರಿನಲ್ಲಿ ನಿಮ್ಮ ಸರ್ಟಿಫಿಕೇಟ್ ಇರುವುದಿಲ್ಲ. ಹಾಗಾಗಿ ಅದು ತನ್ನದನ್ನೇ ಮುಂದಿಡುತ್ತದೆ.

ಅವರು ಅಲ್ಲಿಗೆ ಏಕೆ ಹೋಗುತ್ತಿದ್ದಾರೆ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು. ಒಂದು ತಾಣಕ್ಕೆ ಎರಡು ಬಗೆಯ ವಿಳಾಸ ಇರಬಹುದು. ಐಪಿವಿ4 ವಿಳಾಸ A ದಾಖಲೆಯಲ್ಲಿಯೂ ಐಪಿವಿ6 ವಿಳಾಸ AAAA ದಾಖಲೆಯಲ್ಲಿಯೂ ಇರುತ್ತದೆ. ಸ್ಥಳಾಂತರದ ವೇಳೆ A ದಾಖಲೆಯನ್ನು ಬದಲಿಸಲು ಎಲ್ಲರೂ ನೆನಪಿಡುತ್ತಾರೆ, AAAA ಮರೆತುಹೋಗುತ್ತದೆ. ಜಿಯೊ ಸೇರಿದಂತೆ ನಮ್ಮ ದೇಶದ ಮೊಬೈಲ್ ಜಾಲಗಳಲ್ಲಿ ಐಪಿವಿ6 ಬಳಕೆ ವ್ಯಾಪಕವಾಗಿದೆ, ಮತ್ತು ಎರಡೂ ಲಭ್ಯವಿದ್ದಾಗ ಫೋನುಗಳು ಐಪಿವಿ6ಕ್ಕೇ ಆದ್ಯತೆ ಕೊಡುತ್ತವೆ. ಬಹುಶಃ ನಿಮ್ಮ ಕಚೇರಿಯ ಬ್ರಾಡ್‌ಬ್ಯಾಂಡ್‌ನಲ್ಲಿ ಐಪಿವಿ4 ಮಾತ್ರ ಇದೆ. ಅದಕ್ಕೇ ಅಲ್ಲಿ ದೋಷ ಕಾಣುತ್ತಿಲ್ಲ.

ಇದು ನಿಜವೇ ಎಂದು ಪರೀಕ್ಷಿಸಲು example.org ಇರುವಲ್ಲಿ ನಿಮ್ಮ ತಾಣದ ಹೆಸರು ಹಾಕಿ ಈ ಎರಡು ಆದೇಶಗಳನ್ನು ಕೊಡಿ. ವಿಂಡೋಸ್‌ನಲ್ಲಿಯೂ ಇವು ನಡೆಯುತ್ತವೆ:

```
nslookup -type=A example.org
nslookup -type=AAAA example.org
```

ಮೊದಲನೆಯದಕ್ಕೆ ಹೊಸ ಸಂಸ್ಥೆ ಕೊಟ್ಟ ವಿಳಾಸ, ಉದಾಹರಣೆಗೆ 192.0.2.10, ಉತ್ತರವಾಗಿ ಬರಬೇಕು. ಎರಡನೆಯದಕ್ಕೆ 2001:db8::25 ಎಂಬಂಥ ವಿಳಾಸ ಬಂದು, ಹೊಸ ಸಂಸ್ಥೆಯ ಪತ್ರದಲ್ಲಿ ಅದು ಎಲ್ಲಿಯೂ ಇಲ್ಲದಿದ್ದರೆ ಹಳೆಯ ಸರ್ವರಿನ ದಾರಿ ಇನ್ನೂ ತೆರೆದಿದೆ. www ಸೇರಿಸಿದ ಹೆಸರನ್ನೂ ಹೀಗೆಯೇ ನೋಡಿ. ಅದಕ್ಕೆ ಪ್ರತ್ಯೇಕ ದಾಖಲೆ ಇರಬಹುದು. AAAA ಉತ್ತರವೇ ಬರದಿದ್ದರೆ ನನ್ನ ಊಹೆ ತಪ್ಪು. ಆಗ ಎಚ್ಚರಿಕೆ ಬರುವ ಫೋನಿನ ಹಾಟ್‌ಸ್ಪಾಟ್‌ಗೆ ಕಂಪ್ಯೂಟರನ್ನು ಸೇರಿಸಿ A ದಾಖಲೆಯನ್ನು ಮತ್ತೆ ಕೇಳಿ, ಆ ಜಾಲದಲ್ಲಿ ಯಾವ ವಿಳಾಸ ಸಿಗುತ್ತಿದೆ ಎಂದು ನೋಡಬೇಕು.

ಪರಿಹಾರ ಚಿಕ್ಕದು. ಡಿಎನ್‌ಎಸ್ ನಿರ್ವಹಿಸುವ ಪುಟದಲ್ಲಿ ಹಳೆಯ AAAA ದಾಖಲೆಯನ್ನು ಅಳಿಸಿ. ಹೊಸ ಸಂಸ್ಥೆ ಐಪಿವಿ6 ವಿಳಾಸ ಕೊಟ್ಟಿದ್ದರೆ ಮಾತ್ರ ಅದನ್ನು ಸೇರಿಸಿ. ಇಲ್ಲದಿದ್ದರೆ ಐಪಿವಿ4 ಒಂದೇ ಸಾಕು. ಮೊಬೈಲ್ ಜಾಲಗಳು ಅದನ್ನೂ ತಲುಪಬಲ್ಲವು. ಈ ಬದಲಾವಣೆಗೆ ಟಿಟಿಎಲ್‌ನಷ್ಟು ಹೊತ್ತು ಕಾಯಲೇಬೇಕು.

ನೀವು ಕೇಳದ, ಆದರೆ ನನಗೆ ಹೆಚ್ಚು ಕಳವಳ ತಂದಿರುವ ವಿಷಯ ಇನ್ನೊಂದಿದೆ. ಹಳೆಯ ಸರ್ಟಿಫಿಕೇಟನ್ನು ನಕಲು ಮಾಡಿ ತಂದಿರುವುದರಿಂದ ಈಗ ಕಚೇರಿಯಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿದೆ. ಹೊಸ ಸಂಸ್ಥೆ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ಬಳಸುವುದಾದರೆ, ಅದನ್ನು ಕೊಡುವ ಮೊದಲು ಲೆಟ್ಸ್ ಎನ್‌ಕ್ರಿಪ್ಟ್‌ನ ವ್ಯವಸ್ಥೆ ನಿಮ್ಮ ತಾಣಕ್ಕೆ ಬಂದು, ಸರ್ವರಿನಲ್ಲಿ ಇಟ್ಟಿರುವ ಒಂದು ಕಡತವನ್ನು ಓದಿ, ಹೆಸರು ನಿಮ್ಮದೇ ಎಂದು ಖಚಿತಪಡಿಸಿಕೊಳ್ಳುತ್ತದೆ. AAAA ದಾಖಲೆ ಇದ್ದರೆ ಅದೂ ಮೊದಲು ಐಪಿವಿ6 ದಾರಿಯನ್ನೇ ಹಿಡಿಯುತ್ತದೆ. ಹಳೆಯ ಸರ್ವರ್ ಉತ್ತರವನ್ನೇ ಕೊಡದಿದ್ದರೆ ಐಪಿವಿ4ಕ್ಕೆ ತಿರುಗುತ್ತದೆ. ಆದರೆ ಆ ಸರ್ವರ್ 404, ಎಂದರೆ ಕಡತ ಇಲ್ಲ, ಎಂದು ಉತ್ತರಿಸಿದರೆ ಪರೀಕ್ಷೆ ಅಲ್ಲಿಗೇ ವಿಫಲ. ದಾಖಲೆಯನ್ನು ಹಾಗೆಯೇ ಬಿಟ್ಟರೆ ನವೀಕರಣ ನಡೆಯದೆ, ಮುಂದಿನ ತಿಂಗಳು ಕಚೇರಿಯಲ್ಲಿಯೂ DATE_INVALID ಬರುತ್ತದೆ.

ಆದ್ದರಿಂದ AAAA ಸರಿಪಡಿಸಿದ ನಂತರ ಹೊಸ ಸಂಸ್ಥೆಯ ನಿಯಂತ್ರಣ ಪುಟದಿಂದ ಹೊಸ ಸರ್ಟಿಫಿಕೇಟ್ ಪಡೆಯಿರಿ. ವಿಫಲವಾದರೆ ಗುಂಡಿಯನ್ನು ಮೇಲಿಂದ ಮೇಲೆ ಒತ್ತಬೇಡಿ. ಒಂದೇ ಹೆಸರಿಗೆ ಗಂಟೆಗೆ ಐದು ವೈಫಲ್ಯಗಳಾದರೆ ಲೆಟ್ಸ್ ಎನ್‌ಕ್ರಿಪ್ಟ್ ಸ್ವಲ್ಪ ಹೊತ್ತು ತಡೆ ಹಾಕುತ್ತದೆ. ಹೊಸದರಲ್ಲಿ www ಇರುವ ಮತ್ತು ಇಲ್ಲದ ಎರಡೂ ಹೆಸರುಗಳಿವೆಯೇ ಎಂದು ನೋಡಿ.

ಅಲ್ಲಿಯವರೆಗೆ ಎಚ್ಚರಿಕೆಯನ್ನು ದಾಟಿ ಒಳಗೆ ಹೋಗಿ ಎಂದು ಸದಸ್ಯರಿಗೆ ದಯವಿಟ್ಟು ಹೇಳಬೇಡಿ. ಹಾಗೆ ದಾಟಿದರೂ ಅವರು ತಲುಪುವುದು ನಿಮ್ಮ ಹತೋಟಿಯಲ್ಲಿ ಇಲ್ಲದ ಸರ್ವರನ್ನು. ಬ್ರೌಸರಿನಲ್ಲಿ ಉಳಿದಿರುವ ಲಾಗಿನ್ ಕುಕಿಗಳೂ ಅಲ್ಲಿಗೇ ಹೋಗಬಹುದು.

— ಸಂಪಾದಕ