ಮಿರರ್‌ಲೆಸ್‌ನಲ್ಲಿ ಬ್ಯಾಕ್ ಫೋಕಸ್: ಮೊದಲು ಸ್ಕೇಲ್, ಆಮೇಲೆ ಮೆನು

ಪ್ರಶ್ನೆ: ನಿಕಾನ್ ಝಡ್6ಗೆ ಎಫ್‌ಟಿಝಡ್ ಅಡಾಪ್ಟರ್ ಹಾಕಿ ನನ್ನ ಹಳೇ 85 ಎಂಎಂ ಎಫ್1.8ಜಿ ಲೆನ್ಸ್ ಬಳಸ್ತಿದ್ದೀನಿ. ಲಾಲ್‌ಬಾಗ್‌ನಲ್ಲಿ ತಂಗಿ ಫೋಟೋ ತೆಗೆದೆ. ಕಣ್ಣು ಮಸುಕು, ಕಿವಿ ಮಾತ್ರ ಶಾರ್ಪ್. ಕ್ಯಾಲಿಬ್ರೇಷನ್ ಮಾಡಿಸಬೇಕಾ?

ಈಗಲೇ ಬೇಡ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಚಿತ್ರ ಮೂಡುವ ಸೆನ್ಸರ್ ಬೇರೆ. ಇವೆರಡೂ ಸರಿಯಾಗಿ ಹೊಂದದಿದ್ದರೆ ಫೋಕಸ್ ಹಿಂದೆ ಮುಂದೆ ಹೋಗುತ್ತದೆ. ನಿಮ್ಮ ಝಡ್6ನಂಥ ಮಿರರ್‌ಲೆಸ್‌ ಕ್ಯಾಮೆರಾ ಚಿತ್ರದ ಸೆನ್ಸರ್ ಮೇಲೇ ಅಳೆಯುವುದರಿಂದ ಆ ತೊಂದರೆ ಅಪರೂಪ. ನನಗೆ ಅನುಮಾನ ಇರುವುದು ನಿಮ್ಮ ಫೋಕಸ್ ಚೌಕದ ಮೇಲೆ. ಅದು ಕಣ್ಣಿಗಿಂತ ದೊಡ್ಡದಿದ್ದರೆ, ಕಿವಿ ಹತ್ತಿರದ ಕೂದಲಿನ ಗೆರೆಗಳನ್ನೇ ಹಿಡಿದುಬಿಡುತ್ತದೆ.

ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ. ಹಗಲಲ್ಲಿ ತಾರಸಿ ಮೇಲೆ ಮಾಡಿ. ಮನೆಯ ಎಲ್‌ಇಡಿ ಬಲ್ಬ್ ಮಿನುಗುತ್ತಿದ್ದರೆ ಆಟೋಫೋಕಸ್ ತಡವರಿಸಬಹುದು. ದಪ್ಪ ಪುಸ್ತಕ ನಿಲ್ಲಿಸಿ, ಅದಕ್ಕೆ ದಪ್ಪಕ್ಷರದ ಪೇಪರ್ ಹೆಡ್‌ಲೈನ್ ಅಂಟಿಸಿ. ಅದು ಕ್ಯಾಮೆರಾಗೆ ನೇರ ಮುಖ ಮಾಡಿರಬೇಕು. ಪಕ್ಕದಲ್ಲಿ 30 ಸೆಂ.ಮೀ. ಸ್ಕೇಲನ್ನು 45 ಡಿಗ್ರಿ ಓರೆಯಾಗಿ ಹಿಂದಕ್ಕೆ ಒರಗಿಸಿ. ಅದರ 15ರ ಗೆರೆ ಪುಸ್ತಕದ ಮುಖದ ಸಾಲಿಗೇ ಬರಲಿ, ದೊಡ್ಡ ಅಂಕಿಗಳು ಹಿಂದಕ್ಕಿರಲಿ. ಕ್ಯಾಮೆರಾ 2 ಮೀಟರ್ ದೂರದಲ್ಲಿ, ಟ್ರೈಪಾಡ್ ಮೇಲೆ, ಎಫ್1.8ರಲ್ಲೇ.

ಚೌಕ ಹೆಡ್‌ಲೈನ್ ಮೇಲಿರಲಿ, ಸ್ಕೇಲ್ ಮೇಲೆ ಬೇಡ. ಓರೆ ಸ್ಕೇಲ್‌ಗೇ ಫೋಕಸ್ ಮಾಡಿದರೆ ಕ್ಯಾಮೆರಾ ಯಾವ ಗೆರೆ ಹಿಡಿಯಿತೋ ಯಾರಿಗೆ ಗೊತ್ತು? ಪ್ರತಿ ಕ್ಲಿಕ್‌ಗೂ ಮುಂಚೆ ಫೋಕಸ್ ಕೆಡಿಸಿ, ಒಮ್ಮೆ ಹತ್ತಿರಕ್ಕೆ, ಒಮ್ಮೆ ದೂರಕ್ಕೆ. ಹೀಗೆ ಹಲವು ಫೋಟೋ ತೆಗೆಯಿರಿ. ಕೊನೆಗೆ ಸ್ಕ್ರೀನ್ ಝೂಮ್ ಮಾಡಿ, ಕೈಯಲ್ಲೇ ಫೋಕಸ್ ಮಾಡಿ ಕೆಲವು ತೆಗೆಯಿರಿ. ಹೋಲಿಕೆಗೆ ಇವೇ ಆಧಾರ.

ಈ ದೂರದಲ್ಲಿ ಶಾರ್ಪ್ ಭಾಗ ಸುಮಾರು 6 ಸೆಂ.ಮೀ. ಆಳ. ಓರೆ ಸ್ಕೇಲ್ ಮೇಲೆ ಅದು 8 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಕಾಣುತ್ತದೆ. ಅದರ ನಡು ಎಲ್ಲಿದೆ ಅಂತ ನೋಡಿ. ಕೈಫೋಕಸ್‌ನಲ್ಲಿ ನಡು 15ರಲ್ಲಿದ್ದು, ಆಟೋಫೋಕಸ್‌ನಲ್ಲಿ ಪ್ರತಿ ಸಲವೂ 18ರಲ್ಲಿದ್ದರೆ, ಫೋಕಸ್ ಸುಮಾರು 2 ಸೆಂ.ಮೀ. ಹಿಂದೆ ಬೀಳುತ್ತಿದೆ. ಅದು ನಿಜವಾದ ಬ್ಯಾಕ್ ಫೋಕಸ್. ಎರಡೂ 15ರಲ್ಲೇ ಇದ್ದರೆ ಲೆನ್ಸ್ ಸರಿಯಿದೆ. ಚೌಕ ಚಿಕ್ಕದು ಮಾಡಿ, ಸಾಕು. ಒಮ್ಮೆ 13, ಒಮ್ಮೆ 18 ಅಂತ ಚೆದುರಿದ್ದರೆ ಕ್ಯಾಲಿಬ್ರೇಷನ್‌ನಿಂದ ಏನೂ ಆಗದು. ಯಾಕೆಂದರೆ ಅದು ಎಲ್ಲವನ್ನೂ ಒಂದೇ ಕಡೆಗೆ ಸರಿಸುತ್ತದೆ, ಅಷ್ಟೇ.

ಬ್ಯಾಕ್ ಫೋಕಸ್ ನಿಜವಾಗಿದ್ದರೆ ಸೆಟಪ್ ಮೆನುವಿನಲ್ಲಿ AF fine-tune ತೆರೆಯಿರಿ. ಮೈನಸ್ ಕೊಟ್ಟರೆ ಫೋಕಸ್ ಕ್ಯಾಮೆರಾ ಕಡೆ ಬರುತ್ತದೆ, ಪ್ಲಸ್ ಕೊಟ್ಟರೆ ದೂರ ಹೋಗುತ್ತದೆ. 20ರವರೆಗೆ ಅವಕಾಶವಿದೆ. ಇಲ್ಲಿ -5 ಇಟ್ಟು ಮತ್ತೆ ತೆಗೆದು ನೋಡಿ. ಆ ಅಂಕಿಗೂ ಸೆಂಟಿಮೀಟರಿಗೂ ಲೆಕ್ಕ ಇಲ್ಲ, ಸ್ಕೇಲ್ ನೋಡಿಕೊಂಡೇ ಹೋಗಬೇಕು. (ಕ್ಯಾನನ್ ಆರ್ ಸರಣಿಯಲ್ಲಿ ಈ ಮೆನುವೇ ಇಲ್ಲ.)

ಸರಿಹೋದ ಮೇಲೆ ತಾರಸಿಯಿಂದಲೇ ದೂರದ ಕಟ್ಟಡದ ನೀರಿನ ಟ್ಯಾಂಕ್‌ಗೂ ಫೋಕಸ್ ಮಾಡಿ ನೋಡಿ. ಹತ್ತಿರಕ್ಕೆ ಒಗ್ಗಿದ ಅಂಕಿ ಅನಂತ ದೂರವನ್ನು ಕೆಡಿಸಿದರೆ ಅದನ್ನು ಸೊನ್ನೆಗೆ ತಂದು, ಬಾಡಿ, ಅಡಾಪ್ಟರ್, ಲೆನ್ಸ್ ಮೂರನ್ನೂ ಒಟ್ಟಿಗೇ ಸರ್ವಿಸ್‌ಗೆ ಕೊಡಿ. ಈ ಸ್ಕೇಲ್ ಫೋಟೋಗಳನ್ನೂ ಜೊತೆಗೆ ಕೊಡಿ.