30 ಗಿಡ ಅಲ್ಲ, 6 ಕುಂಡ

"ವಿಜಯಪುರದ ಕಾಲೇಜಿನ ಪ್ರಾಜೆಕ್ಟ್. ಎರೆಗೊಬ್ಬರ ಹಾಕಿದ 6 ಕುಂಡ, ಹಾಕದ 6 ಕುಂಡ, ಪ್ರತಿ ಕುಂಡದಲ್ಲಿ 5 ಜೋಳದ ಸಸಿ. ಟಿ-ಟೆಸ್ಟ್‌ಗೆ ಪ್ರತಿ ಗುಂಪಿಗೆ n = 30 ಹಾಕಲಾ?"

ಬೇಡ, 6 ಹಾಕಿ. ಒಂದೇ ಕುಂಡದ ಐದು ಸಸಿಗಳಿಗೆ ಮಣ್ಣು, ನೀರು ಎಲ್ಲಾ ಒಂದೇ, ಅಲ್ವಾ? 30 ಹಾಕಿದರೆ ಇಲ್ಲದ ವ್ಯತ್ಯಾಸವೂ ಇದೆ ಅನ್ನಿಸಿಬಿಡುತ್ತದೆ. ಮೊದಲು ಪ್ರತಿ ಕುಂಡದ ಸರಾಸರಿ ಎತ್ತರ ತೆಗೆಯಿರಿ. ಸ್ಟ್ಯಾಂಡರ್ಡ್ ಡೀವಿಯೇಷನ್ ಆ ಆರು ಸರಾಸರಿಗಳದ್ದೇ ಇರಲಿ.

ಗುಂಪುಗಳ ಸರಾಸರಿ 28 ಮತ್ತು 24 ಸೆಂ.ಮೀ., ಡೀವಿಯೇಷನ್ 4 ಮತ್ತು 3 ಅಂದುಕೊಳ್ಳಿ.

```
t = (28 − 24) / √(4²/6 + 3²/6) = 1.96
```

ಡಿಗ್ರೀಸ್ ಆಫ್ ಫ್ರೀಡಂ 10. ಟೇಬಲ್‌ನಲ್ಲಿ 5% ಮಟ್ಟಕ್ಕೆ 2.23 ಇದೆ, ನಮ್ಮದು ಅದನ್ನು ದಾಟಲಿಲ್ಲ. ವ್ಯತ್ಯಾಸದ 95% ಕಾನ್ಫಿಡೆನ್ಸ್ ಇಂಟರ್ವಲ್ −0.5 ರಿಂದ 8.5 ಸೆಂ.ಮೀ. ನಡುವೆ ಸೊನ್ನೆ ಬಂತು. ಹಾಗಂತ "ಗೊಬ್ಬರದಿಂದ ಉಪಯೋಗ ಇಲ್ಲ" ಅಂತ ಬರೆಯಬೇಡಿ. 8 ಸೆಂ.ಮೀ. ಲಾಭವೂ ಅದೇ ಇಂಟರ್ವಲ್ ಒಳಗಿದೆ. ಇನ್ನೊಮ್ಮೆ ಮಾಡುವುದಾದರೆ ಸಸಿ ಅಲ್ಲ, ಕುಂಡ ಜಾಸ್ತಿ ಮಾಡಿ.