ಗೇಟ್‌ವೇ ಇನ್‌ವಾಯ್ಸಿಗೂ ಬ್ಯಾಂಕ್ ಜಮೆಗೂ ತಾಳೆಯಾಗದಿದ್ದಾಗ

"ಪುಣೆಯಲ್ಲಿದ್ದು ಇಳಕಲ್ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಮಾರ್ಚ್ ತಿಂಗಳ ಪೇಮೆಂಟ್ ಗೇಟ್‌ವೇ ಇನ್‌ವಾಯ್ಸಿನ ಶುಲ್ಕಕ್ಕೂ ಬ್ಯಾಂಕಿಗೆ ಬರುವ ಮುನ್ನ ಕಡಿತವಾದ ಹಣಕ್ಕೂ ಹೊಂದಿಕೆಯಾಗುತ್ತಿಲ್ಲ. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು?"

ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿಗೆ ಇನ್‌ವಾಯ್ಸೇ ಆಧಾರ. ಬ್ಯಾಂಕಿನ ಜಮೆ ಕೇವಲ ಹಣ ಕೈಸೇರಿದ್ದಕ್ಕೆ ಸಾಕ್ಷಿ. ಪುಣೆಯಲ್ಲಿ ನಾನು ಲೆಕ್ಕ ನೋಡಿಕೊಳ್ಳುವ ಅಂಗಡಿಗಳಲ್ಲಿ ಇಂಥ ವ್ಯತ್ಯಾಸ ಹೆಚ್ಚಾಗಿ ಸಿಗುವುದು ತಿಂಗಳ ಕೊನೆಯ ಎರಡು ಮೂರು ದಿನಗಳಲ್ಲಿ.

ಒಂದು ಲೆಕ್ಕ ನೋಡಿ. ಮಾರ್ಚ್‌ನಲ್ಲಿ ಗ್ರಾಹಕರು ಪಾವತಿಸಿದ್ದು 4,00,000 ರೂಪಾಯಿ, ಶುಲ್ಕ ಶೇ. 2ರಂತೆ 8,000, ಅದರ ಮೇಲೆ ಶೇ. 18ರ ಜಿಎಸ್‌ಟಿ 1,440, ಮರುಪಾವತಿ 10,000 ಎಂದಿಟ್ಟುಕೊಳ್ಳಿ. ನಿಮಗೆ ಬರಬೇಕಾದದ್ದು 3,80,560. ಬ್ಯಾಂಕಿಗೆ ಬಂದದ್ದು 3,61,032 ಮಾತ್ರ. ಉಳಿದ 19,528 ಎಲ್ಲಿಯೂ ಹೋಗಿಲ್ಲ: ಮಾರ್ಚ್ 30 ಮತ್ತು 31ರಂದು ಬಂದ 20,000 ರೂಪಾಯಿ, 400 ಶುಲ್ಕ ಮತ್ತು 72 ತೆರಿಗೆ ಕಳೆದು, ಏಪ್ರಿಲ್‌ನಲ್ಲಿ ಜಮೆಯಾಗುತ್ತದೆ. ಆದ್ದರಿಂದ ಗೇಟ್‌ವೇ ಹೆಸರಿನಲ್ಲಿ ಪ್ರತ್ಯೇಕ ಖಾತೆ ತೆರೆದು, ಮಾರಾಟದ ಪೂರ್ತಿ ಮೊತ್ತವನ್ನು ಅದಕ್ಕೆ ಡೆಬಿಟ್ ಮಾಡಿ, ಶುಲ್ಕ, ತೆರಿಗೆ, ಮರುಪಾವತಿ ಮತ್ತು ಬ್ಯಾಂಕಿನ ಜಮೆಗಳನ್ನು ಅದರಿಂದ ಕಳೆಯಿರಿ. ತಿಂಗಳ ಕೊನೆಗೆ ಅಲ್ಲಿ ಉಳಿಯುವ ಬಾಕಿ 19,528 ಆಗಿರಬೇಕು.

ಇದು ಇನ್‌ವಾಯ್ಸ್ ಪಾವತಿಯ ದಿನಾಂಕವನ್ನು ಅನುಸರಿಸಿದಾಗಿನ ಮಾತು. ಕೆಲವು ಗೇಟ್‌ವೇಗಳು ಜಮೆಯ ದಿನಾಂಕದ ಪ್ರಕಾರ ಬಿಲ್ ಮಾಡುತ್ತವೆ. ಆಗ ಮಾರ್ಚ್ ಇನ್‌ವಾಯ್ಸಿನಲ್ಲಿ 7,600 ಶುಲ್ಕ ಮತ್ತು 1,368 ತೆರಿಗೆಯಷ್ಟೇ ಇದ್ದು, ಖಾತೆಯ ಬಾಕಿ 20,000 ಆಗುತ್ತದೆ. ಯಾವ ಪದ್ಧತಿ ಎಂದು ತಿಳಿಯಲು ಸೆಟಲ್‌ಮೆಂಟ್ ವರದಿಯ ಶುಲ್ಕದ ಕಾಲಮ್ಮನ್ನು ಒಮ್ಮೆ ಪಾವತಿಯ ದಿನಾಂಕದಿಂದ, ಒಮ್ಮೆ ಜಮೆಯ ದಿನಾಂಕದಿಂದ ಕೂಡಿ ನೋಡಿ. ಪ್ರತಿ ವಹಿವಾಟಿನ ತೆರಿಗೆಯನ್ನು ಪೈಸೆಗೆ ಸರಿಪಡಿಸುವುದರಿಂದ ಉಳಿಯುವ ಒಂದೆರಡು ರೂಪಾಯಿಗೆ ತಲೆ ಕೆಡಿಸಿಕೊಳ್ಳಬೇಡಿ.

ಸೀರೆ ಹಿಂದಿರುಗಿ ಹಣ ಮರಳಿಸಿದರೂ ಶುಲ್ಕವನ್ನು ಸಾಮಾನ್ಯವಾಗಿ ಮರಳಿಸುವುದಿಲ್ಲ. ಮಾರಾಟಕ್ಕೆ ಕ್ರೆಡಿಟ್ ನೋಟ್ ಕೊಡಿ, ಶುಲ್ಕ ಮಾತ್ರ ನಿಮ್ಮ ವೆಚ್ಚವಾಗಿಯೇ ಉಳಿಯಲಿ.

ತೆರಿಗೆಯ 1,440 ರೂಪಾಯಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬೇಕಾದರೆ ಇನ್‌ವಾಯ್ಸಿನ ಮೇಲೆ ನಿಮ್ಮ ಜಿಎಸ್‌ಟಿ ಸಂಖ್ಯೆ ಇರಬೇಕು, ಆ ಇನ್‌ವಾಯ್ಸ್ ಜಿಎಸ್‌ಟಿ ಪೋರ್ಟಲ್ ನಿಮಗೆ ತಯಾರಿಸಿಕೊಡುವ ಕ್ರೆಡಿಟ್ ಪಟ್ಟಿಯಾದ GSTR-2Bಯಲ್ಲೂ ಕಾಣಬೇಕು. ಗೇಟ್‌ವೇ ಬೆಂಗಳೂರಿನ ನೋಂದಣಿಯಿಂದ ಬಿಲ್ ಮಾಡಿದ್ದರೆ ತೆರಿಗೆ ಅಂತರರಾಜ್ಯ ವಹಿವಾಟಿನ ಐಜಿಎಸ್‌ಟಿಯಾಗಿ ಬರುತ್ತದೆ, ಅದು ಸರಿಯೇ. ಡ್ಯಾಶ್‌ಬೋರ್ಡಿನಲ್ಲಿ ಸಂಖ್ಯೆ ತುಂಬದೆ ಬಿಟ್ಟವರ ಇನ್‌ವಾಯ್ಸ್ ಸಾಮಾನ್ಯ ಗ್ರಾಹಕರದ್ದಾಗಿ ದಾಖಲಾಗಿ 2Bಗೆ ಬರುವುದೇ ಇಲ್ಲ. ಹಣ ಕಡಿತವಾದದ್ದನ್ನು ಬ್ಯಾಂಕ್ ವಿವರದಿಂದ ತೋರಿಸಿದರೂ ಕ್ರೆಡಿಟ್ ಸಿಗದು. ಹಾಗಾಗಿದ್ದರೆ ಇನ್‌ವಾಯ್ಸ್ ತಿದ್ದಿಕೊಡುವಂತೆ ಗೇಟ್‌ವೇಗೆ ಈಗಲೇ ಲಿಖಿತವಾಗಿ ಕೇಳಿ, ಏಕೆಂದರೆ ಮಾರ್ಚ್ ಇನ್‌ವಾಯ್ಸಿನ ಕ್ರೆಡಿಟ್ ಪಡೆಯಲು ಬರುವ ನವೆಂಬರ್ 30 ಅಥವಾ ನಿಮ್ಮ ವಾರ್ಷಿಕ ರಿಟರ್ನ್ ಸಲ್ಲಿಕೆ, ಇವುಗಳಲ್ಲಿ ಮೊದಲು ಬರುವುದೇ ಗಡುವು.